ಮಾರ್ಚ್ ಕಂತು ಕಟ್ಟುವುದಾ, ಬಿಡುವುದಾ? 80ಸಿಗೋಸ್ಕರ ತೆಗೆದ ಪಾಲಿಸಿಯ ಕಥೆ

ಕಡಿಯಾಳಿ_ಮನೆ

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್ 12ಕ್ಕೆ ನನ್ನ ಲೈಫ್ ಇನ್ಶೂರೆನ್ಸ್ ಪಾಲಿಸಿಯ ನಾಲ್ಕನೇ ಕಂತು ಉಂಟು, 50,000 ರೂಪಾಯಿ. ಕಟ್ಟುವುದಾ ಬೇಡವಾ ಅಂತ ಮಂಡೆ ಬಿಸಿಯಾಗಿದೆ.

2023ರ ಮಾರ್ಚಿನಲ್ಲಿ ತೆಗೆದದ್ದು. ವರ್ಷದ ಕೊನೆಗೆ, ಉಳಿತಾಯಕ್ಕೆ ಟ್ಯಾಕ್ಸ್ ವಿನಾಯಿತಿ ಕೊಡುವ 80ಸಿಯ ಒಂದೂವರೆ ಲಕ್ಷದ ಮಿತಿ ತುಂಬಿಲ್ಲ ಅಂತ ಗೊತ್ತಾಯಿತು. ನಮ್ಮ ಚಿಕ್ಕಪ್ಪ ಏಜೆಂಟ್. ಮನೆಗೇ ಬಂದು, ಚಾ ಕುಡಿಯುತ್ತಾ, "ಹತ್ತು ಸಾವಿರ ಟ್ಯಾಕ್ಸ್ ಸುಮ್ಮನೆ ಯಾಕೆ ಕೊಡ್ತಿ, ಇಲ್ಲಿ ಸೈನ್ ಹಾಕು" ಅಂದರು. ಅರ್ಧ ಗಂಟೆಯಲ್ಲಿ ಮುಗಿಯಿತು. 20 ವರ್ಷ ಕಟ್ಟಬೇಕು ಅನ್ನುವುದು ಮರುವರ್ಷ ಎರಡನೇ ಕಂತಿನ ಮೆಸೇಜ್ ಬಂದಾಗಲೇ ಸರಿಯಾಗಿ ತಲೆಗೆ ಹೋದದ್ದು.

ಮೊನ್ನೆ ಉಡುಪಿ ಬ್ರಾಂಚಿಗೆ ಹೋಗಿ ಕೇಳಿದೆ. ಈಗ ಸರೆಂಡರ್ ಮಾಡಿದರೆ 78,000 ಸಿಗುತ್ತದಂತೆ. ಕಟ್ಟಿದ್ದು ಒಂದೂವರೆ ಲಕ್ಷ! ಅರ್ಧ ಹಣ ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ಇನ್ನು ನಿಲ್ಲಿಸಿದರೆ ಚಿಕ್ಕಪ್ಪನಿಗೂ ಬೇಸರ. ಏನು ಮಾಡಲಿ?

ಬಿಜೈ_27

ಅಕ್ಕ, ಯೋಚನೆಯೇ ಬೇಡ. ನಾಳೆಯೇ ಹೋಗಿ ಸರೆಂಡರ್ ಮಾಡಿ. ಹೋದ ಹಣ ಹೋಯಿತು. ಸಿಕ್ಕಿದ 78,000 ಮತ್ತು ಈ ವರ್ಷದ 50,000 ಎರಡನ್ನೂ ಇಎಲ್‌ಎಸ್‌ಎಸ್ ಫಂಡಿಗೆ ಹಾಕಿ. 80ಸಿಯೂ ಸಿಗುತ್ತದೆ, ಲಾಕ್ ಬರೀ ಮೂರು ವರ್ಷ. ನಾನು ಕೆಲಸಕ್ಕೆ ಸೇರಿದಾಗಿಂದ ಅದನ್ನೇ ಮಾಡುತ್ತಿದ್ದೇನೆ.

ಕುಂದಾಪುರ_ಪಿಂಚಣಿ

ಇಷ್ಟು ಅವಸರ ಒಳ್ಳೆಯದಲ್ಲ ತಮ್ಮಾ. ನಾನು ಬ್ಯಾಂಕಿನಲ್ಲಿ 34 ವರ್ಷ ಕೂತವ. ಕೌಂಟರಿನ ಎದುರು ಎಷ್ಟೋ ಜನರನ್ನು ನೋಡಿದ್ದೇನೆ. ಕೈಯಲ್ಲಿ ಇದ್ದ ಹಣ ಮನೆಯ ಮಾಡು ರಿಪೇರಿಗೆ, ಮದುವೆಗೆ, ನೆಂಟರ ಸಾಲಕ್ಕೆ ಕರಗಿ ಹೋಗುತ್ತದೆ. ಪಾಲಿಸಿಯಲ್ಲಿ ಹಾಕಿದ್ದು ಮಾತ್ರ ಉಳಿಯುತ್ತದೆ, ಯಾಕೆಂದರೆ ಮುಟ್ಟಲಿಕ್ಕೆ ಆಗುವುದಿಲ್ಲ. ನನ್ನ ಮಗಳ ಮೆಡಿಕಲ್ ಫೀಸಿಗೆ ಬಂದದ್ದು ಅಂಥ ಎರಡು ಪಾಲಿಸಿಯ ಹಣವೇ. ಬಡ್ಡಿ ಕಡಿಮೆ ಇರಬಹುದು. ಆದರೆ ಅರ್ಧದಲ್ಲಿ ಬಿಟ್ಟರೆ ನಷ್ಟ ಗ್ಯಾರಂಟಿ. ಕಟ್ಟಿಕೊಂಡು ಹೋಗಿ ಮಗಾ.

ಮಣಿಪಾಲ_ಲೆಕ್ಕ

ನಾನು ಇಲ್ಲಿ ಸುಮಾರು ಇಪ್ಪತ್ತು ವರ್ಷದಿಂದ ಟ್ಯಾಕ್ಸ್ ರಿಟರ್ನ್ ಮಾಡಿಕೊಡುತ್ತಿದ್ದೇನೆ. ಸರೆಂಡರಾ, ಮುಂದುವರಿಸುವುದಾ ಅಂತ ಇಬ್ಬರೂ ಜಗಳಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆ ಉಂಟು. ಮೇಡಂ, ಈ ವರ್ಷ ನಿಮಗೆ 80ಸಿ ಬೇಕಾ? 80ಸಿಯಂಥ ವಿನಾಯಿತಿ ಇಲ್ಲದ ಹೊಸ ಟ್ಯಾಕ್ಸ್ ಪದ್ಧತಿಯಲ್ಲಿ ಇದ್ದರೆ ಆ ಕಂತಿನಿಂದ ಒಂದು ರೂಪಾಯಿ ಟ್ಯಾಕ್ಸ್ ಕೂಡ ಉಳಿಯುವುದಿಲ್ಲ.

ನಾಲ್ಕು ಸಂಖ್ಯೆ ಹೇಳಿ: ವರ್ಷದ ಒಟ್ಟು ಸಂಬಳ, ಅದರಲ್ಲಿ ಬೇಸಿಕ್ ಎಷ್ಟು, ಗೃಹಸಾಲ ಅಥವಾ ಬಾಡಿಗೆ ಉಂಟಾ, ಮಕ್ಕಳ ಶಾಲೆಯ ಟ್ಯೂಷನ್ ಫೀ ಎಷ್ಟು. ಪಾಲಿಸಿಯ ಪೇಪರ್ ಕೈಯಲ್ಲಿದ್ದರೆ ಸಮ್ ಅಶ್ಯೂರ್ಡ್ ಮತ್ತು ಈವರೆಗೆ ಸೇರಿದ ಬೋನಸ್ ಕೂಡ ನೋಡಿ ಹೇಳಿ.

ಕಡಿಯಾಳಿ_ಮನೆ

ಸಂಬಳ ವರ್ಷಕ್ಕೆ 10.8 ಲಕ್ಷ. ಬೇಸಿಕ್ ತಿಂಗಳಿಗೆ 45,000. ಸ್ವಂತ ಮನೆ, ಸಾಲ ಇಲ್ಲ, ಬಾಡಿಗೆ ಇಲ್ಲ. ಮಗನ ಟ್ಯೂಷನ್ ಫೀ 38,000. ಏಪ್ರಿಲಿನಲ್ಲಿ ಆಫೀಸಿನವರು ಕೇಳಿದಾಗ ಹಳೆ ಪದ್ಧತಿ ಅಂತ ಟಿಕ್ ಮಾಡಿದ್ದೆ, ಪಾಲಿಸಿ ಇದೆಯಲ್ಲ ಅಂತ.

ಸಮ್ ಅಶ್ಯೂರ್ಡ್ 10 ಲಕ್ಷ. ಸೇರಿದ ಬೋನಸ್ 1,20,000 ಅಂತ ಸ್ಟೇಟ್‌ಮೆಂಟಿನಲ್ಲಿ ಉಂಟು.

ಮಣಿಪಾಲ_ಲೆಕ್ಕ

ಮೊದಲು ಟ್ಯಾಕ್ಸ್ ನೋಡುವ. 2025-26ರ ಲೆಕ್ಕ.

ಹಳೆ ಪದ್ಧತಿಯಲ್ಲಿ 10.8 ಲಕ್ಷದಿಂದ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಪೂರ್ತಿ ಒಂದೂವರೆ ಲಕ್ಷ ಕಳೆದರೂ 8.8 ಲಕ್ಷ ಉಳಿಯುತ್ತದೆ. ಅದಕ್ಕೆ ಟ್ಯಾಕ್ಸ್ 88,500, ಸೆಸ್ ಸೇರಿ ಸುಮಾರು 92,000.

ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10.05 ಲಕ್ಷ. 12 ಲಕ್ಷದ ಒಳಗೆ ಇರುವ ಕಾರಣ ರಿಬೇಟ್ ಬಂದು ಟ್ಯಾಕ್ಸ್ ಸೊನ್ನೆ.

ಅಂದರೆ ಹತ್ತು ಸಾವಿರ ಉಳಿಸುವ ಪಾಲಿಸಿಗೆ ಅಂಟಿಕೊಂಡು ನೀವು ಈ ವರ್ಷ 92,000 ಕೊಡಲು ಹೊರಟಿದ್ದೀರಿ. ಇದನ್ನು ಜೋರಾಗಿಯೇ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಬಳಿ ಬರುವವರಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪಾಲಿಸಿ ಇದೆ ಅಂತ ಹಳೆ ಪದ್ಧತಿ ಹಿಡಿಯುವುದು, ಹಳೆ ಪದ್ಧತಿ ಇದೆ ಅಂತ ಇನ್ನೊಂದು ಪಾಲಿಸಿ ತೆಗೆಯುವುದು.

ಏಪ್ರಿಲಿನಲ್ಲಿ ಆಫೀಸಿನಲ್ಲಿ ಟಿಕ್ ಮಾಡಿದ್ದು ಟಿಡಿಎಸ್ ಕಡಿಯಲಿಕ್ಕೆ ಮಾತ್ರ. ಸಂಬಳದವರು ರಿಟರ್ನ್ ಹಾಕುವಾಗ ಪದ್ಧತಿ ಬದಲಿಸಬಹುದು. ಹೊಸ ಪದ್ಧತಿಯಲ್ಲಿ ಹಾಕಿ, ಕಡಿದ ಟಿಡಿಎಸ್ ರೀಫಂಡ್ ಬರುತ್ತದೆ. ಬ್ಯಾಂಕ್ ಬಡ್ಡಿ ಏನಾದರೂ ಇದ್ದರೆ ಸೇರಿಸಿಕೊಳ್ಳಿ, ಆದರೂ 12 ಲಕ್ಷಕ್ಕೆ ನಿಮಗೆ ಇನ್ನೂ ಜಾಗ ಉಂಟು.

ಇನ್ನೊಂದು ವಿಷಯ. ನಿಮ್ಮ ಪಿಎಫ್ ಬೇಸಿಕ್‌ನ 12 ಪರ್ಸೆಂಟ್ ಲೆಕ್ಕದಲ್ಲಿ ವರ್ಷಕ್ಕೆ 64,800. ಅದಕ್ಕೆ ಶಾಲೆಯ 38,000 ಸೇರಿಸಿ. 80ಸಿಯಲ್ಲಿ 1,02,800 ಏನೂ ಮಾಡದೆಯೇ ತುಂಬಿತ್ತು. 2023ರಲ್ಲಿ ಅದನ್ನು ಮೊದಲು ಕೂಡಿಸಿದ್ದರೆ 20 ವರ್ಷದ ಸೈನ್ ಹಾಕುವ ಅವಸರ ಇರುತ್ತಿರಲಿಲ್ಲ.

ಸುರತ್ಕಲ್_ಬೀಚ್‌ರೋಡ್

ಸಾರ್, ನನ್ನದೂ ಸ್ವಲ್ಪ ನೋಡಿ. ಸಂಬಳ 14.5 ಲಕ್ಷ. ಗೃಹಸಾಲದ ಬಡ್ಡಿ 2 ಲಕ್ಷ ದಾಟುತ್ತದೆ, ಹೆಲ್ತ್ ಇನ್ಶೂರೆನ್ಸ್ 25,000, ಪಿಎಫ್ ಮತ್ತು ಸಾಲದ ಅಸಲು ಸೇರಿಯೇ 80ಸಿ ಮುಗಿಯುತ್ತದೆ. ಅದರ ಮೇಲೆ ಬ್ಯಾಂಕಿನವರು ಹೇಳಿದರು ಅಂತ ಐದು ವರ್ಷದ ಟ್ಯಾಕ್ಸ್ ಸೇವಿಂಗ್ ಎಫ್‌ಡಿ ಕೂಡ ಮಾಡಿದ್ದೇನೆ. ಗೃಹಸಾಲ ಇದ್ದವರಿಗೆ ಹಳೆಯದೇ ಒಳ್ಳೆಯದು ಅಲ್ವಾ?

ಮಣಿಪಾಲ_ಲೆಕ್ಕ

ನಿಮ್ಮ ಲೆಕ್ಕದಲ್ಲೂ ಅಲ್ಲ. ಹಳೆಯದರಲ್ಲಿ ಎಲ್ಲ ಕಳೆದು 10.25 ಲಕ್ಷಕ್ಕೆ ಸೆಸ್ ಸೇರಿ 1,24,800. ಹೊಸದರಲ್ಲಿ 13.75 ಲಕ್ಷಕ್ಕೆ 89,700. ಹೊಸದೇ 35,000 ಕಡಿಮೆ. ದೊಡ್ಡ ಊರಿನಲ್ಲಿ ದೊಡ್ಡ ಬಾಡಿಗೆ ಕೊಟ್ಟು ಎಚ್‌ಆರ್‌ಎ ಪಡೆಯುವವರಿಗೆ ಹಳೆಯದು ಗೆಲ್ಲುವುದುಂಟು. ಅದಕ್ಕೇ ಪ್ರತಿ ವರ್ಷ ಎರಡೂ ರೀತಿ ಲೆಕ್ಕ ಹಾಕಬೇಕು ಅನ್ನುವುದು.

ಆ ಎಫ್‌ಡಿಯಿಂದ ನಿಮಗೆ ಹಳೆ ಪದ್ಧತಿಯಲ್ಲೂ ಏನೂ ಸಿಕ್ಕಿಲ್ಲ, 80ಸಿ ಅದಕ್ಕೆ ಮೊದಲೇ ತುಂಬಿತ್ತು. ಐದು ವರ್ಷ ಮುರಿಯಲಿಕ್ಕೆ ಆಗುವುದಿಲ್ಲ, ಬಡ್ಡಿಗೆ ಟ್ಯಾಕ್ಸ್ ಬೇರೆ. ಮುಗಿಯುವ ತನಕ ಕಾಯುವುದೇ ದಾರಿ.

ಬಿಜೈ_27

ಒಪ್ಪಿದೆ ಸಾರ್, ಹೊಸ ಪದ್ಧತಿ ನನಗೆ ಹೊಳೆಯಲೇ ಇಲ್ಲ. ಹಾಗಾದರೆ ಅಕ್ಕ ಸರೆಂಡರ್ ಮಾಡುವುದೇ ಸರಿ ಅಂತ ಆಯಿತಲ್ಲ?

ಮಣಿಪಾಲ_ಲೆಕ್ಕ

ಇಲ್ಲ. ನಿಮ್ಮ ಮಾತಿನಲ್ಲಿ ಅರ್ಧ ಸರಿ. ಹೋದ ಹಣ ಹೋಯಿತು ಅನ್ನುವುದು ಸರಿ. ಆದರೆ ಅವರ ಎದುರು ಇರುವುದು ಎರಡು ದಾರಿ ಅಲ್ಲ, ಮೂರು. ಮೂರನೆಯದನ್ನು ಏಜೆಂಟರೂ ಹೇಳುವುದಿಲ್ಲ, ಇಂಟರ್‌ನೆಟ್ಟಿನಲ್ಲಿ ಬೈಯುವವರೂ ಹೇಳುವುದಿಲ್ಲ. ಕಂತು ನಿಲ್ಲಿಸಿ ಪಾಲಿಸಿಯನ್ನು ಪೇಯ್ಡ್-ಅಪ್ ಆಗಿ ಬಿಡುವುದು.

ಮೇಡಂ, 20ರಲ್ಲಿ ನೀವು 3 ಕಂತು ಕಟ್ಟಿದ್ದೀರಿ. ನಿಲ್ಲಿಸಿದರೆ 10 ಲಕ್ಷದ ಸಮ್ ಅಶ್ಯೂರ್ಡ್ ಅದೇ ಪ್ರಮಾಣದಲ್ಲಿ ಇಳಿದು 1,50,000 ಆಗುತ್ತದೆ. ಸೇರಿದ ಬೋನಸ್ 1,20,000 ಉಳಿಯುತ್ತದೆ. ಮುಂದೆ ಹೊಸ ಬೋನಸ್ ಸೇರುವುದಿಲ್ಲ. 2043ರಲ್ಲಿ 2,70,000 ಕೈಗೆ ಬರುತ್ತದೆ, ನೀವು ಇನ್ನು ಒಂದು ಪೈಸೆ ಕಟ್ಟದೆ.

ಈಗ ಮೂರು ಪ್ರಶ್ನೆಗೆ ಮೂರು ಸಾಲು. ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ನೀವೇ ಹಾಕಿ ನೋಡಿ:

```
=RATE(20,-50000,0,1800000,1)
=RATE(17,-50000,0,1530000,1)
=RATE(17,0,-78000,270000)
```

ಮೊದಲ ಸಾಲು ಇಡೀ ಪಾಲಿಸಿಯದ್ದು. ವರ್ಷಕ್ಕೆ 40,000 ಬೋನಸ್ ಹೀಗೇ ಬಂದರೆ ಕೊನೆಗೆ 18 ಲಕ್ಷ. ಅದು ವರ್ಷಕ್ಕೆ ಸುಮಾರು 5.3 ಪರ್ಸೆಂಟ್. 18 ಲಕ್ಷ ಅಂದರೆ ದೊಡ್ಡದು ಕಾಣುತ್ತದೆ, ಕಟ್ಟಿದ್ದೇ 10 ಲಕ್ಷ ಅನ್ನುವುದು ಮರೆತುಹೋಗುತ್ತದೆ.

ಆದರೆ ಇವತ್ತಿನ ನಿರ್ಧಾರಕ್ಕೆ ಆ 5.3 ಉಪಯೋಗವಿಲ್ಲ. ಮೂರು ಕಂತು ಕೊಟ್ಟು ಆಗಿದೆ. ಎರಡನೇ ಸಾಲು ನೋಡಿ. ಇನ್ನು 17 ಕಂತು ಕಟ್ಟಿದರೆ ಪೇಯ್ಡ್-ಅಪ್‌ನ 2.7 ಲಕ್ಷದ ಮೇಲೆ ಹೆಚ್ಚುವರಿಯಾಗಿ ಸಿಗುವುದು 15.3 ಲಕ್ಷ. ಅದು ಸುಮಾರು 6.2 ಪರ್ಸೆಂಟ್. ಅಷ್ಟು ಕೆಟ್ಟದಲ್ಲ ಅನಿಸಬಹುದು. ಆದರೆ ಪಿಪಿಎಫ್‌ನಲ್ಲಿ ಈಗ 7.1 ಉಂಟು, ಅದರ ಬಡ್ಡಿಗೆ ಹೊಸ ಪದ್ಧತಿಯಲ್ಲೂ ಟ್ಯಾಕ್ಸ್ ಇಲ್ಲ. ಮೇಲಾಗಿ ಅಲ್ಲಿ ವರ್ಷಕ್ಕೆ 500 ಹಾಕಿದರೂ ಖಾತೆ ಜೀವಂತ ಇರುತ್ತದೆ. ಇಲ್ಲಿ 50,000 ಕಟ್ಟಲೇಬೇಕು.

ಮೂರನೇ ಸಾಲೇ ನನಗೂ ಪ್ರತಿ ಸಲ ಆಶ್ಚರ್ಯ ಕೊಡುವುದು. ಸರೆಂಡರ್ ಮಾಡಿ 78,000 ತೆಗೆಯುವುದರ ಬದಲು ಅದನ್ನು ಅಲ್ಲೇ ಬಿಟ್ಟರೆ 2,70,000 ಆಗುತ್ತದೆ. ಸುಮಾರು 7.6 ಪರ್ಸೆಂಟ್. ಕಂಪನಿ ಸರೆಂಡರ್‌ನಲ್ಲಿ ಜಾಸ್ತಿ ಕಡಿಯುವ ಕಾರಣ, ಕಡಿಸಿಕೊಳ್ಳದೆ ಇರುವುದೇ ಒಂದು ಒಳ್ಳೆಯ ಠೇವಣಿ ಆಗಿಬಿಡುತ್ತದೆ. ಸರೆಂಡರ್‌ಗೆ 1,20,000 ಕೊಡುತ್ತೇವೆ ಅಂದಿದ್ದರೆ ನಾನು ಉಲ್ಟಾ ಹೇಳುತ್ತಿದ್ದೆ. ಪಾಲಿಸಿ ಪಾಲಿಸಿಗೆ ಬೇರೆ ಬೇರೆ, ಅದಕ್ಕೇ ಸಂಖ್ಯೆ ಕೇಳಿದ್ದು.

ಕುಂದಾಪುರ_ಪಿಂಚಣಿ

ಲೆಕ್ಕ ಚೆನ್ನಾಗಿ ಉಂಟು. ನಾನು ಬ್ಯಾಂಕಿನಲ್ಲಿದ್ದವ, ಒಪ್ಪಲೇಬೇಕು. ಆದರೆ ಆ 50,000ವನ್ನು ಇವರು ಪ್ರತಿ ಮಾರ್ಚಿನಲ್ಲೂ ಪಿಪಿಎಫ್‌ಗೆ ಹಾಕುತ್ತಾರೆ ಅನ್ನುವುದಕ್ಕೆ ಏನು ಖಾತ್ರಿ? ಎರಡು ವರ್ಷ ಹಾಕಿ ಮೂರನೇ ವರ್ಷ ಬಿಟ್ಟರೆ ನಿಮ್ಮ 7.1 ಎಲ್ಲಿ ಹೋಯಿತು? ಕಡಿಮೆ ಬಡ್ಡಿಗೆ ನಿಜವಾಗಿ ಉಳಿದ ಹಣ, ಹೆಚ್ಚಿನ ಬಡ್ಡಿಗೆ ಉಳಿಯದ ಹಣಕ್ಕಿಂತ ಮೇಲು.

ಮಣಿಪಾಲ_ಲೆಕ್ಕ

ಈ ಮಾತಿಗೆ ಎಕ್ಸೆಲ್‌ನಲ್ಲಿ ಉತ್ತರ ಇಲ್ಲ ಸಾರ್, ನಿಜ. ಸಂಬಳ ಬಿದ್ದ ಮರುದಿನ 4,000 ತಾನಾಗಿ ಪಿಪಿಎಫ್‌ಗೆ ಹೋಗುವ ಹಾಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಲು ನಾನು ಹೇಳುತ್ತೇನೆ. ಇನ್ನೂ ಗಟ್ಟಿ ಬೇಕಾದರೆ ಆಫೀಸಿನಲ್ಲಿ ವಿಪಿಎಫ್, ಅಂದರೆ ಪಿಎಫ್‌ಗೆ ನಾವಾಗಿ ಹೆಚ್ಚು ಹಾಕುವುದು, ಕೇಳಬಹುದು, ಸಂಬಳ ಕೈಗೆ ಬರುವ ಮೊದಲೇ ಕಡಿಯುತ್ತಾರೆ. ಆದರೂ ಕೆಲವರಿಗೆ ಪಾಲಿಸಿಯ ಹೆದರಿಕೆಯೇ ಬೇಕಾಗುತ್ತದೆ ಅನ್ನುವುದನ್ನು ನಾನೂ ನೋಡಿದ್ದೇನೆ.

ಶಾರ್ಜಾ_ಕಾರ್ಕಳ

ಪಿಪಿಎಫ್ ಇಷ್ಟು ಒಳ್ಳೆಯದಾದರೆ ನಾನೂ ಒಂದು ತೆರೆಯಬಹುದಾ? ಇಲ್ಲಿ ಒಂಬತ್ತು ವರ್ಷ ಆಯಿತು, ಏಪ್ರಿಲಿನಲ್ಲಿ ರಜೆಗೆ ಊರಿಗೆ ಬರುತ್ತೇನೆ. ಊರಲ್ಲಿ ಆದಾಯ ಅಂದರೆ ಬ್ಯಾಂಕ್ ಬಡ್ಡಿ ಮಾತ್ರ, 40,000 ಬರಬಹುದು.

ಮಣಿಪಾಲ_ಲೆಕ್ಕ

ಎನ್‌ಆರ್‌ಐ ಆದವರು ಹೊಸ ಪಿಪಿಎಫ್ ತೆರೆಯುವ ಹಾಗಿಲ್ಲ. ಹೋಗುವ ಮೊದಲೇ ತೆರೆದದ್ದಿದ್ದರೆ ಅವಧಿ ಮುಗಿಯುವ ತನಕ ನಡೆಸಬಹುದು. ಇಲ್ಲಿ ಅಷ್ಟು ಕಡಿಮೆ ಆದಾಯಕ್ಕೆ ಟ್ಯಾಕ್ಸೇ ಬರುವುದಿಲ್ಲ, ಹಾಗಾಗಿ ರಜೆಗೆ ಬಂದಾಗ ಟ್ಯಾಕ್ಸ್ ಉಳಿಸುವ ಸ್ಕೀಮ್ ಅಂತ ಯಾರಾದರೂ ಮನೆಗೆ ಬಂದರೆ ಏನೂ ತೆಗೆಯಬೇಡಿ.

ಕಡಿಯಾಳಿ_ಮನೆ

ಇವತ್ತು ಚಿಕ್ಕಪ್ಪ ಬಂದಿದ್ದರು. ಫೋನಿನಲ್ಲಿ ಹೇಳುವುದು ಸರಿಯಲ್ಲ ಅಂತ ನಾನೇ ಕರೆದೆ. ನಿಲ್ಲಿಸುತ್ತೇನೆ ಅಂದ ಕೂಡಲೇ ಅವರ ಮುಖ ಸಣ್ಣದಾಯಿತು. "ನಿಲ್ಲಿಸಿದರೆ ಎಲ್ಲ ಮುಳುಗುತ್ತದೆ, ಹಿಂದಿನ ಮೂರು ವರ್ಷದ ಟ್ಯಾಕ್ಸನ್ನೂ ವಾಪಸ್ ಕಟ್ಟಬೇಕಾಗುತ್ತದೆ" ಅಂದರು. ಸೆಪ್ಟೆಂಬರಿನಿಂದ ಪ್ರೀಮಿಯಂ ಮೇಲೆ ಜಿಎಸ್‌ಟಿಯೂ ಇಲ್ಲ, ಈಗಲೇ ಲಾಭ ಅಂತಲೂ ಹೇಳಿದರು.

ಪಾಲಿಸಿಯ ಫೈಲ್ ತೆಗೆದು ಕೂತೆವು. ಅದರಲ್ಲಿ ಒಂದು ಟೇಬಲ್ ಉಂಟು, 4 ಪರ್ಸೆಂಟ್ ಮತ್ತು 8 ಪರ್ಸೆಂಟ್ ಅಂತ ಎರಡು ಕಾಲಂ. 8ರ ಕಾಲಂನ ಕೊನೆಯ ಸಂಖ್ಯೆಗೆ ಅವರು 2023ರಲ್ಲಿ ನೀಲಿ ಪೆನ್ನಿನಿಂದ ಸುತ್ತು ಹಾಕಿದ್ದು ಹಾಗೇ ಇದೆ. 4ರ ಕಾಲಂ ನಾನು ಅವತ್ತು ನೋಡಿಯೇ ಇರಲಿಲ್ಲ. ನನಗೆ 8 ಪರ್ಸೆಂಟ್ ಸಿಗುತ್ತದೆ ಅಂತಲೇ ಇಷ್ಟು ದಿನ ತಿಳಿದಿದ್ದೆ.

ಹಿಂದಿನ ಟ್ಯಾಕ್ಸ್ ವಾಪಸ್ ಕಟ್ಟಬೇಕಾಗುವುದು ನಿಜವಾ?

ಮಣಿಪಾಲ_ಲೆಕ್ಕ

ನಿಮಗೆ ಇಲ್ಲ. ಚಿಕ್ಕಪ್ಪ ಹೇಳಿದ ನಿಯಮ ಇರುವುದು ನಿಜ, ಆದರೆ ಅದು ಎರಡು ವರ್ಷದ ಪ್ರೀಮಿಯಂ ಕಟ್ಟುವ ಮೊದಲೇ ಪಾಲಿಸಿ ನಿಲ್ಲಿಸಿದವರಿಗೆ. ಆಗ ಹಿಂದೆ ಪಡೆದ 80ಸಿ ವಿನಾಯಿತಿ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಹಣ ಮಾರುಕಟ್ಟೆಗೆ ಹೋಗುವ ಯುಲಿಪ್ ಪಾಲಿಸಿ ಆದರೆ ಎರಡರ ಜಾಗದಲ್ಲಿ ಐದು ವರ್ಷ. ನೀವು ಮೂರು ಕಟ್ಟಿದ್ದೀರಿ.

ಆ 4 ಮತ್ತು 8 ನಿಮಗೆ ಸಿಗುವ ಬಡ್ಡಿ ಅಲ್ಲ. ಕಂಪನಿ ತನ್ನ ಹೂಡಿಕೆಯಲ್ಲಿ ಅಷ್ಟು ಗಳಿಸಿದರೆ ಅಂತ ಇಟ್ಟುಕೊಂಡ ಲೆಕ್ಕ. ಖರ್ಚು, ಕಮಿಷನ್, ಜೀವ ವಿಮೆಯ ವೆಚ್ಚ ಎಲ್ಲ ಕಳೆದು ಉಳಿದದ್ದು ನಿಮ್ಮದು. ಜಿಎಸ್‌ಟಿ ಹೋದದ್ದು ಒಳ್ಳೆಯದೇ, ಆದರೆ ಮೇಲಿನ ಮೂರು ಸಾಲಿನಲ್ಲಿ ನಾನು ಜಿಎಸ್‌ಟಿ ಹಿಡಿದೇ ಇರಲಿಲ್ಲ, ಹಾಗಾಗಿ ಉತ್ತರ ಬದಲಾಗುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವಸರ ಮಾಡಬೇಡಿ. ಪೇಯ್ಡ್-ಅಪ್ ಆದ ದಿನ ನಿಮ್ಮ ಜೀವ ವಿಮೆ 10 ಲಕ್ಷದಿಂದ ಒಂದೂವರೆ ಲಕ್ಷ ಮತ್ತು ಬೋನಸ್‌ಗೆ ಇಳಿಯುತ್ತದೆ. ಮಗ ಸಣ್ಣವ. ಮೊದಲು ಟರ್ಮ್ ಪಾಲಿಸಿಗೆ, ಅಂದರೆ ಉಳಿತಾಯ ಇಲ್ಲದ ಬರೀ ಜೀವ ವಿಮೆಗೆ, ಅರ್ಜಿ ಹಾಕಿ, ಮೆಡಿಕಲ್ ಆಗಿ ಪಾಲಿಸಿ ಕೈಗೆ ಬರಲಿ. ವಾರ್ಷಿಕ ಕಂತಿಗೆ ಒಂದು ತಿಂಗಳ ಗ್ರೇಸ್ ಇರುತ್ತದೆ, ಆ ಸಮಯದಲ್ಲಿ ಹಳೆ ಕವರ್ ಪೂರ್ತಿ ಇರುತ್ತದೆ. ಅಷ್ಟರೊಳಗೆ ಟರ್ಮ್ ಆಗದಿದ್ದರೆ, ಈ ಒಂದು ಕಂತು ಕಟ್ಟಿಬಿಡಿ. 6.2 ಪರ್ಸೆಂಟಿಗೆ 50,000 ಹಾಕಿದ್ದು ದೊಡ್ಡ ನಷ್ಟ ಅಲ್ಲ, ಕವರ್ ಇಲ್ಲದೆ ಇರುವುದು ದೊಡ್ಡದು.

ಟರ್ಮ್‌ನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ನಾನು ಮೋಸದ ಲೆಕ್ಕ ಕೊಟ್ಟ ಹಾಗೆ. 50,000ದಲ್ಲಿ 8,000 ಟರ್ಮ್‌ಗೆ ಹೋಯಿತು ಅಂತ ಇಟ್ಟುಕೊಳ್ಳುವ. ಉಳಿದ 42,000ವನ್ನು ಮೊದಲ ದಿನದಿಂದ 20 ವರ್ಷ 7.1ರಲ್ಲಿ ಪಿಪಿಎಫ್‌ಗೆ ಹಾಕಿದ್ದರೆ 18.6 ಲಕ್ಷ. ಪಾಲಿಸಿಯ 18ಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಕವರ್ 10 ಲಕ್ಷಕ್ಕಿಂತ ಎಷ್ಟೋ ಪಾಲು ಜಾಸ್ತಿ ಸಿಗುತ್ತಿತ್ತು, ಏಳನೇ ವರ್ಷದಿಂದ ಒಂದಿಷ್ಟು ಹಣ ತೆಗೆಯಲಿಕ್ಕೂ ಬರುತ್ತಿತ್ತು. ಪಿಪಿಎಫ್ ಬಡ್ಡಿ ಸರಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುವುದು, 20 ವರ್ಷ 7.1 ಇರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಬೋನಸ್‌ಗೂ ಅದೇ ಮಾತು.

ಬಿಜೈ_27

ಹಾಗಾದರೆ ನನ್ನ ಇಎಲ್‌ಎಸ್‌ಎಸ್? ನನ್ನ ಸಂಬಳ 9 ಲಕ್ಷ.

ಮಣಿಪಾಲ_ಲೆಕ್ಕ

ಹೊಸ ಪದ್ಧತಿಯಲ್ಲಿ ನಿಮಗೂ ಟ್ಯಾಕ್ಸ್ ಸೊನ್ನೆ. ಈಕ್ವಿಟಿ ಬೇಕಾದರೆ ಲಾಕ್ ಇಲ್ಲದ ಸಾದಾ ಇಂಡೆಕ್ಸ್ ಫಂಡ್‌ನಲ್ಲಿ ಮುಂದುವರಿಸಿ. ಮೂರು ವರ್ಷ ಬೀಗ ಹಾಕಿಸಿಕೊಳ್ಳಲು ಈಗ ಕಾರಣವೇ ಉಳಿದಿಲ್ಲ. ಎಸ್‌ಐಪಿಯಲ್ಲಿ ಒಂದೊಂದು ಕಂತಿಗೂ ಅದರದ್ದೇ ಮೂರು ವರ್ಷ, ಹಾಗಾಗಿ ಕೊನೆಯ ಕಂತು ಬಿಡುಗಡೆ ಆಗಲು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಬೇಕು.

ಕಡಿಯಾಳಿ_ಮನೆ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಬ್ರಾಂಚಿಗೆ ಹೋಗಿ, ಮಣಿಪಾಲದ ಸಾರ್ ಹೇಳಿದ ಹಾಗೆ ಎರಡು ಪ್ರಶ್ನೆ ಬರೆದುಕೊಟ್ಟು ಸೀಲ್ ಹಾಕಿಸಿಕೊಂಡೆ: ಕಂತು ನಿಲ್ಲಿಸಿದರೆ ಪೇಯ್ಡ್-ಅಪ್ ಮೊತ್ತ ಎಷ್ಟು, ಸೇರಿದ ಬೋನಸ್ ಪೂರ್ತಿ ಉಳಿಯುತ್ತದಾ. ಕೌಂಟರಿನವರು ಬಾಯಲ್ಲಿ "ಹೌದು" ಅಂದರು. ಬರವಣಿಗೆಯಲ್ಲಿ ಇಮೇಲ್ ಬರುತ್ತದಂತೆ, ಇನ್ನೂ ಬಂದಿಲ್ಲ.

ಟರ್ಮ್‌ಗೆ ಅರ್ಜಿ ಹಾಕಿದೆ, 75 ಲಕ್ಷಕ್ಕೆ. ರಕ್ತ ಪರೀಕ್ಷೆಗೆ ನಾಡಿದ್ದು ಮನೆಗೇ ಬರುತ್ತಾರೆ. ಏಜೆಂಟ್ ಕೋಡ್ ಕೇಳಿದ ಜಾಗದಲ್ಲಿ ಚಿಕ್ಕಪ್ಪನದ್ದೇ ಹಾಕಿದ್ದೇನೆ. ಅವರಿಗೆ ಫೋನ್ ಮಾಡಿ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾಮಿನಿಗೆ ಮಗನ ಹೆಸರು ಹಾಕಿದರೆ ಅಪಾಯಿಂಟಿ ಕಾಲಂ ಮರೆಯಬೇಡ, ಅವ ಮೈನರ್" ಅಂದರು. ನಾನು ನಿಜಕ್ಕೂ ಅದನ್ನು ಖಾಲಿ ಬಿಟ್ಟಿದ್ದೆ.

ಒಂದೇ ಸಂಶಯ ಉಳಿದಿದೆ. ಪೇಯ್ಡ್-ಅಪ್ ಮಾಡಿದ ಮೇಲೆ ಮನಸ್ಸು ಬದಲಾದರೆ?

ಮಣಿಪಾಲ_ಲೆಕ್ಕ

ಕಟ್ಟದ ಮೊದಲ ಕಂತಿನಿಂದ ಐದು ವರ್ಷದೊಳಗೆ ಬಾಕಿ ಮತ್ತು ಬಡ್ಡಿ ಕಟ್ಟಿ ಪುನಃ ಚಾಲು ಮಾಡಬಹುದು, ಆರೋಗ್ಯದ ಪೇಪರ್ ಕೇಳಬಹುದು. ಸರೆಂಡರ್ ಮಾಡಿದರೆ ಆ ಬಾಗಿಲು ಮುಚ್ಚಿತು. ಇಮೇಲ್ ಬಂದ ಮೇಲೆ ಬೋನಸ್ ಸಂಖ್ಯೆ 1,20,000 ಅಲ್ಲದೆ ಬೇರೆ ಇದ್ದರೆ ಇಲ್ಲಿ ಹಾಕಿ, ಮೂರನೇ ಸಾಲನ್ನು ಪುನಃ ನೋಡುವ.